ಗುತ್ತಿಗೆ ಮತ್ತು ಪಾಲು ಸಾಗುವಳಿಗೆ ಒಂದು ಪುಟದ ಕರಾರು ಸಾರಾಂಶ ಕೋರಿ ಮನವಿ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಕಂದಾಯ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
(ತಹಶೀಲ್ದಾರರು, ಸಿಂಧನೂರು ಇವರ ಮೂಲಕ)

ಮಾನ್ಯರೇ,

ವಿಷಯ: ಪಾಲು, ಅವಧಿ ಮತ್ತು ಸಾಗುವಳಿದಾರರ ರಕ್ಷಣೆಯನ್ನು ಬರಹದಲ್ಲಿ ದಾಖಲಿಸುವ ಕುರಿತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೇರೆಯವರ ಹೊಲ ಹಿಡಿದು ಭತ್ತ ಬೆಳೆಯುವ ರೈತರು ನಾವು. ನಮ್ಮ ಕರಾರುಗಳೆಲ್ಲ ಬಾಯಿಮಾತಿನವು. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ ಇದೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಲಕ್ಷಾಂತರ ಗೇಣಿದಾರರು ಒಡೆಯರಾದರು. ಆ ಕಾನೂನಿನ ಋಣ ನಮ್ಮ ಮೇಲೂ ಇದೆ. ಆದರೆ ನಿಷೇಧದಿಂದ ಗುತ್ತಿಗೆ ನಿಲ್ಲಲಿಲ್ಲ, ಅದರ ಕಾಗದವಷ್ಟೇ ಕಣ್ಮರೆಯಾಯಿತು. ಬರೆದುಕೊಟ್ಟರೆ ಹೊಲವೇ ಕೈಬಿಟ್ಟೀತೆಂದು ಮಾಲೀಕರು ಹೆದರುತ್ತಾರೆ. ಅವರೆಲ್ಲ ದೊಡ್ಡ ಹಿಡುವಳಿದಾರರೂ ಅಲ್ಲ. ಎರಡು ಎಕರೆಯನ್ನು ಪಾಲಿಗೆ ಕೊಟ್ಟು ಅದರಲ್ಲೇ ಬದುಕುವ ಒಂಟಿ ಹೆಂಗಸರೂ ಅವರಲ್ಲಿದ್ದಾರೆ.

ಬಾಯಿಮಾತು ಮೊದಲು ಎಡವುವುದು ಪಾಲಿನ ಲೆಕ್ಕದಲ್ಲಿ. 'ಸಮಪಾಲು' ಎಂದು ಎಲ್ಲರೂ ಒಪ್ಪಿರುತ್ತಾರೆ, ಯಾವುದರ ಸಮಪಾಲು ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಲೆಕ್ಕಕ್ಕೆಂದು ನಾಲ್ಕು ಎಕರೆಯಲ್ಲಿ 75 ಕಿಲೋ ತೂಕದ 160 ಚೀಲ ಭತ್ತ ಬಂದಿತೆನ್ನೋಣ. ಬೀಜ, ನಾಟಿ, ಗೊಬ್ಬರ, ಔಷಧಿ, ಕಟಾವು ಯಂತ್ರ, ಹಮಾಲಿ ಎಲ್ಲ ಸೇರಿ 60 ಚೀಲದ ಬೆಲೆಯಷ್ಟು ಖರ್ಚು. ಖರ್ಚನ್ನು ರಾಶಿಯಿಂದ ಮೊದಲು ಕಳೆದು ಹಂಚಿದರೆ ಇಬ್ಬರಿಗೂ ಐವತ್ತೈವತ್ತು ಚೀಲ. ರಾಶಿಯನ್ನೇ ಅರ್ಧ ಮಾಡಿ ಖರ್ಚನ್ನೆಲ್ಲ ಸಾಗುವಳಿದಾರನ ತಲೆಗೆ ಹಾಕಿದರೆ ಮಾಲೀಕರಿಗೆ 80, ಅವನಿಗೆ ಉಳಿಯುವುದು 20. ಮಾತು ಒಂದೇ, ವ್ಯತ್ಯಾಸ 30 ಚೀಲ. ರಾಶಿ ಬಿದ್ದ ಮೇಲೆ ಏಳುವ ಜಗಳಗಳ ಬೇರು ಇಲ್ಲಿದೆ.

ಎಕರೆಗೆ ಇಷ್ಟು ಚೀಲ ಎಂದು ಗೊತ್ತುಮಾಡಿದ ಗುತ್ತಿಗೆಯಲ್ಲಿ ನಷ್ಟವಾದರೆ ಅದು ಪೂರ್ತಿ ನಮ್ಮದು. ಎಕರೆಗೆ 15 ಚೀಲದಂತೆ ನಾಲ್ಕು ಎಕರೆಗೆ 60 ಚೀಲ ಕೊಡಬೇಕಾಗಿರುತ್ತದೆ. ನೀರು ಸಾಲದೆ ಬೆಳೆ 80 ಚೀಲಕ್ಕೆ ಇಳಿದರೆ ಖರ್ಚು ಕಳೆದು ಉಳಿಯುವುದು 20, ಮಿಕ್ಕ 40 ಚೀಲ ಸಾಲವಾಗಿ ಮುಂದಿನ ಬೆಳೆಯ ಮೇಲೆ ಕೂರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಎರಡನೇ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ಕಾಯುತ್ತಿದ್ದವರಲ್ಲಿ ಹೊಲವಿಲ್ಲದೆ ಗುತ್ತಿಗೆ ಹಿಡಿದ ನಾವೂ ಇದ್ದೆವು.

ಇನ್ನು ಅವಧಿ. ಯುಗಾದಿಯಿಂದ ಯುಗಾದಿಗೆ ಎಂಬ ರೂಢಿ ಒಂದೇ ಬೆಳೆಯ ಕಾಲದ್ದು. ಬೇಸಿಗೆ ಭತ್ತ ಕಟಾವಿಗೆ ಬರುವಷ್ಟರಲ್ಲಿ ಯುಗಾದಿ ಮುಗಿದಿರುವುದುಂಟು. ಆಗ ಹೊಲ ಬೇರೆಯವರ ಪಾಲಾಗಿರುತ್ತದೆ, ತೆನೆ ಇನ್ನೂ ನಮ್ಮದಾಗಿರುತ್ತದೆ. ಆದ್ದರಿಂದ ಅವಧಿಯನ್ನು ತಿಂಗಳಲ್ಲಿ ಅಲ್ಲ, ಬೆಳೆಗಳಲ್ಲಿ ಬರೆಯಬೇಕು. ನಿಂತ ಬೆಳೆ ಕಟಾವಾಗುವ ತನಕ ಹೊಲ ಬಿಡಿಸಬಾರದು.

ಪರಿಹಾರದ ಹಣದ ಸಂಗತಿ ಇನ್ನೂ ಕಹಿ. ರಿಸರ್ವ್ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯಲ್ಲಿ ಬಾಯಿಮಾತಿನ ಗುತ್ತಿಗೆದಾರರಿಗೂ ಪಾಲುದಾರರಿಗೂ ಅವಕಾಶವಿದೆ, ಫಸಲ್ ಬಿಮಾ ಯೋಜನೆಯಲ್ಲಿಯೂ ಇದೆ. ಆದರೆ ಕೌಂಟರಿನಲ್ಲಿ ಕೇಳುವುದು ಪಹಣಿ. ಅದರಲ್ಲಿ ನಮ್ಮ ಹೆಸರಿಲ್ಲ. ಹೀಗಾಗಿ ಬೆಳೆ ಹಾಳಾದರೆ ನಷ್ಟ ನಮಗೆ, ಪರಿಹಾರ ಪಹಣಿ ಇದ್ದವರ ಖಾತೆಗೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ, ನೀತಿ ಆಯೋಗದ 2016ರ ಮಾದರಿ ಕೃಷಿ ಭೂಮಿ ಗುತ್ತಿಗೆ ಕಾಯ್ದೆಯ ದಾರಿಯಲ್ಲಿ 5ನೇ ಕಲಂಗೆ ತಿದ್ದುಪಡಿ ತರಬೇಕು. ಮಾಲೀಕರ ಒಡೆತನಕ್ಕೆ ಚ್ಯುತಿಯಿಲ್ಲ, ಅವಧಿ ಮುಗಿದೊಡನೆ ಜಮೀನು ಅವರ ಸ್ವಾಧೀನಕ್ಕೆ ಮರಳುತ್ತದೆ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಲಿ. ನೆರೆಯ ಆಂಧ್ರಪ್ರದೇಶ 2019ರ ಕಾಯ್ದೆಯಲ್ಲಿ ಮಾಲೀಕರ ಹಕ್ಕನ್ನು ಮುಟ್ಟದೆ, 11 ತಿಂಗಳ ಕರಾರಿನ ಮೇಲೆ ಸಾಗುವಳಿದಾರರಿಗೆ ಕಾರ್ಡು ಕೊಡುವ ವ್ಯವಸ್ಥೆ ಮಾಡಿದೆ. ಅಲ್ಲಿ ಮಾಲೀಕರ ಸಹಿ ಸಿಗದೆ ಕಾರ್ಡಿಲ್ಲದೆ ಉಳಿದವರೂ ಇದ್ದಾರೆ. ಆದಕಾರಣ ಸಹಿ ಸಿಗದ ಕಡೆ ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ ಮತ್ತು ಅಕ್ಕಪಕ್ಕದ ಹೊಲದವರ ಹೇಳಿಕೆಯನ್ನು ಸಾಕ್ಷಿಯಾಗಿ ಒಪ್ಪಬೇಕು.

ಎರಡನೆಯದು, ಕನ್ನಡದಲ್ಲಿ ಒಂದು ಪುಟದ ಕರಾರು ಸಾರಾಂಶದ ನಮೂನೆ. ಸರ್ವೆ ನಂಬರು ಮತ್ತು ವಿಸ್ತೀರ್ಣ, ಎಷ್ಟು ಬೆಳೆ, ಪಾಲು ಖರ್ಚು ಕಳೆಯುವ ಮೊದಲೋ ಆಮೇಲೋ, ಯಾವ ಖರ್ಚು ಯಾರದು, ನೀರು ಬಾರದಿದ್ದರೆ ಗುತ್ತಿಗೆ ಎಷ್ಟು ಇಳಿಯಬೇಕು, ಹೊಲ ಸಮ ಮಾಡಲು ಹಾಕಿದ ಹಣ ಮುಂಚೆಯೇ ಬಿಡಿಸಿದರೆ ಹೇಗೆ ಮರಳಬೇಕು ಎಂಬಷ್ಟು ಅದರಲ್ಲಿರಲಿ. ಓದು ಬಾರದವರಿಗೆ ಸಹಿಗೆ ಮೊದಲು ಓದಿ ಹೇಳುವುದು ಕಡ್ಡಾಯವಾಗಲಿ.

ತಿದ್ದುಪಡಿ ಆಗುವವರೆಗೆ, ಒಡೆತನಕ್ಕೆ ಸಂಬಂಧವಿಲ್ಲದ, ಬೆಳೆಗಷ್ಟೇ ಸೀಮಿತವಾದ ಸಾಗುವಳಿ ಪ್ರಮಾಣಪತ್ರವನ್ನು ಪ್ರತಿ ಹಂಗಾಮಿಗೆ ತಹಶೀಲ್ದಾರರು ನೀಡಲಿ. ಬೆಳೆ ಸಾಲ, ವಿಮೆ, ಪರಿಹಾರ ಮತ್ತು ಬೆಂಬಲ ಬೆಲೆ ಖರೀದಿಗೆ ಅದನ್ನು ಮಾನ್ಯ ಮಾಡಿ, ಬರುವ ಮುಂಗಾರು ನಾಟಿಗೆ ಮೊದಲು ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಿಂಧನೂರು ತಾಲ್ಲೂಕಿನ ಗುತ್ತಿಗೆ ಮತ್ತು ಪಾಲು ಸಾಗುವಳಿ ರೈತರು