ಕೋವಿಯ ಅರ್ಜಿಯೂ ಅಧಿಕಾರಿಯ ವಿವೇಚನೆಯೂ

ಕುಶಾಲನಗರದಿಂದ ಹೆಬ್ಬಾಲೆಯ ಮೇಲೆ ಹಾಸನದತ್ತ ಸಾಗುವ ದಾರಿಯಲ್ಲಿ, ಕೊಡಗಿನ ಎಲ್ಲೆ ಮುಗಿಯುವ ಎಡೆಯಲ್ಲಿ, ಕಾವೇರಿಯ ತಡಿಯಲ್ಲಿರುವ ಊರು ಶಿರಂಗಾಲ. ಈ ಊರಿನ ಅಕ್ಕಪಕ್ಕದ ಇಬ್ಬರು ಗದ್ದೆಯವರನ್ನು ವಾಚಕರು ಕಲ್ಪಿಸಿಕೊಳ್ಳಲಿ. ಇಬ್ಬರ ಪೈರನ್ನೂ ಕಾಡುಹಂದಿ ಒಂದೇ ರಾತ್ರಿ ಉತ್ತುಹಾಕುತ್ತದೆ. ಒಬ್ಬಾತ ಕೊಡವ, ಅವನ ಮನೆಯ ಕೋವಿಗೆ ಲೈಸೆನ್ಸು ಬೇಡ, ವಿನಾಯಿತಿ ಪತ್ರವಿದ್ದರೆ ಸಾಕು. ಇನ್ನೊಬ್ಬಾತ ಕೊಡವನೂ ಅಲ್ಲ, ಜಮ್ಮಾ ಹಿಡುವಳಿದಾರನೂ ಅಲ್ಲ. ಅವನು ಮಡಿಕೇರಿಯ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಹಾಕಿ ಕಾಯಬೇಕು.

ಮೊದಲನೆಯವನ ಸೌಲಭ್ಯ ಹಳೆಯದು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟನು. ಸ್ವಾತಂತ್ರ್ಯಾನಂತರ ಬಂದ 1959ರ ಶಸ್ತ್ರ ಕಾಯಿದೆಯ 41ನೆಯ ಕಲಮು, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ತೋರಿದರೆ ಯಾವುದೇ ವರ್ಗದ ಜನರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತಿದ್ದ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಇದು ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟಿಗೆ ದೂರು ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಬಹುಕಾಲದಿಂದ ನಡೆದುಬಂದದ್ದು, ಅವಧಿಗೂ ಷರತ್ತಿಗೂ ಒಳಪಟ್ಟದ್ದು ಎಂಬುದು ನ್ಯಾಯಾಲಯದ ಎಣಿಕೆಯಲ್ಲಿತ್ತು. ಇಂತಹ ನೀತಿ ಉಚಿತವೋ ಅನುಚಿತವೋ ಎಂದು ನ್ಯಾಯಾಲಯ ತೂಗುವುದಿಲ್ಲ. ವರ್ಗೀಕರಣಕ್ಕೆ ಆಧಾರವಿದೆಯೇ ಎಂದಷ್ಟೇ ನೋಡುತ್ತದೆ. ಆದ್ದರಿಂದ ಎರಡನೆಯ ಗದ್ದೆಯವನು ನೆರೆಯವನ ವಿನಾಯಿತಿಯನ್ನು ಬೆರಳಿಟ್ಟು ತೋರಿಸಿ ಫಲವಿಲ್ಲ. ಅವನ ಬಲ ಬೇರೆಡೆಯಲ್ಲಿದೆ.

ಆ ಬಲವಿರುವುದು ಅದೇ ಕಾಯಿದೆಯ 13ನೆಯ ಕಲಮಿನಲ್ಲಿ. ಪೈರಿನ ರಕ್ಷಣೆಗಾಗಿ ನಿಜವಾಗಿಯೂ ಬೇಕಾದ ಕೇಪಿನ ಕೋವಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ, ಅಧಿಕಾರಿ ಲೈಸೆನ್ಸು ‘ಕೊಡತಕ್ಕದ್ದು’ ಎಂದಿದೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಅಂತಹ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಬಗೆಯ ನುಣುಪು ನಳಿಗೆಯ ಕೋವಿಗೆ ಲೈಸೆನ್ಸು ‘ಕೊಡಬಹುದು’. ಕೊಡತಕ್ಕದ್ದು, ಕೊಡಬಹುದು: ಈ ಎರಡು ಕ್ರಿಯಾಪದಗಳ ನಡುವಣ ಅಂತರವೇ ವಿವೇಚನಾಧಿಕಾರ. ಮುಂದೆ 14ನೆಯ ಕಲಮು ಇವೆರಡನ್ನೂ ಮೀರಿ, ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಗೆ ಅಗತ್ಯವೆಂದು ಅಧಿಕಾರಿಗೆ ಕಂಡರೆ ಅರ್ಜಿಯನ್ನು ನಿರಾಕರಿಸಬೇಕೆನ್ನುತ್ತದೆ.

ಇಷ್ಟು ಸ್ವಾತಂತ್ರ್ಯ ಅಧಿಕಾರಿಗೇಕೆ ಎಂದು ಕೇಳುವವರು ಬೇರೊಂದು ಕಾಯಿದೆಯನ್ನು ಬರೆದು ನೋಡಲಿ. ಇಂತಿಷ್ಟು ಎಕರೆ ಗದ್ದೆಯುಳ್ಳವನಿಗೆ ಕೋವಿ ಎಂದು ಬರೆದರೆ, ದಾಯಾದಿಯ ಮೇಲೆ ಹಗೆ ಸಾಧಿಸುತ್ತಿರುವ ಸಿರಿವಂತನಿಗೆ ಅದು ಸಿಕ್ಕೀತು. ಕಾಡಂಚಿನ ಅರ್ಧ ಎಕರೆಯ ಬಡವನಿಗೆ ಸಿಗದು. ಆಸ್ತಿ ಸಾಲದೆಂಬ ಒಂದೇ ಕಾರಣಕ್ಕೆ ನಿರಾಕರಿಸಕೂಡದೆಂದು ಈಗಿನ ಕಾಯಿದೆಯೇ ಹೇಳಿರುವುದು ಸಣ್ಣ ಮಾತಲ್ಲ. ಯಾವ ಗದ್ದೆಗೆ ಹಂದಿ ನುಗ್ಗುತ್ತದೆ, ಯಾವ ಮನೆಯಲ್ಲಿ ಕುಡಿತದ ಜಗಳವಿದೆ ಎಂಬುದು ದೆಹಲಿಯಲ್ಲಿ ಕುಳಿತು ಕಾಯಿದೆ ಬರೆದವನಿಗೆ ಕಾಣಿಸದು.

ಶಿರಂಗಾಲದ ನಮ್ಮ ಕಲ್ಪಿತ ಅರ್ಜಿದಾರನ ಕಾಗದ ಮೊದಲು ಹತ್ತಿರದ ಠಾಣೆಗೆ ವರದಿಗಾಗಿ ಹೋಗುತ್ತದೆ. ‘ಅರ್ಜಿದಾರನಿಗೂ ನೆರೆಯವರಿಗೂ ಬದುವಿನ ವ್ಯಾಜ್ಯವಿದೆ, ಶಿಫಾರಸು ಮಾಡುವುದಿಲ್ಲ’ ಎಂದು ಠಾಣೆಯವರು ಬರೆದರೆಂದಿಟ್ಟುಕೊಳ್ಳೋಣ. ಕೆಲವು ತಿಂಗಳ ಬಳಿಕ ಕಚೇರಿಯಿಂದ ಒಂದು ಸಾಲಿನ ಆಜ್ಞೆ ಬರುತ್ತದೆ: ‘ಪೊಲೀಸ್ ವರದಿ ಹಾಗೂ ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ಅರ್ಜಿಯನ್ನು ತಿರಸ್ಕರಿಸಿದೆ.’

ಆಜ್ಞೆಯಲ್ಲಿ ಮೊಹರು ಇದೆ, ರುಜು ಇದೆ. ಕಾರಣ ಮಾತ್ರ ಇಲ್ಲ. ‘ಸಾರ್ವಜನಿಕ ಶಾಂತಿ’ ಎಂಬುದು ಕಾಯಿದೆಯ ನುಡಿಯೇ ಹೊರತು ಈ ಅರ್ಜಿಯ ಕಾರಣವಲ್ಲ. ಕಾರಣವೆಂದರೆ ವ್ಯಾಜ್ಯ ಯಾವಾಗಿನದು, ಹೊಡೆದಾಟಕ್ಕೆ ಇಳಿದಿತ್ತೇ, ಸಿವಿಲ್ ಕೋರ್ಟಿನ ದಾವೆ ಮಾತ್ರವೇ, ಪೈರಿನ ಹಾನಿಯ ಬಗ್ಗೆ ಅರ್ಜಿದಾರ ಏನು ತೋರಿಸಿದ್ದ ಎಂಬುದಕ್ಕೆಲ್ಲ ಉತ್ತರ. ನಿರಾಕರಿಸಿದಾಗ ಕಾರಣವನ್ನು ಬರೆದಿಡಬೇಕು, ಕೇಳಿದರೆ ಸಂಕ್ಷೇಪವಾಗಿ ತಿಳಿಸಬೇಕು ಎಂದು 14ನೆಯ ಕಲಮೇ ವಿಧಿಸಿದೆ. ತಿಳಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವಾದಾಗ ಮಾತ್ರ ಹೇಳದಿರಬಹುದು. ಅರ್ಜಿದಾರ ಮೊತ್ತಮೊದಲು ಮಾಡಬೇಕಾದ ಕೆಲಸ, ಆ ಕಾರಣವನ್ನು ಬರವಣಿಗೆಯಲ್ಲಿ ಕೇಳುವುದು. ಹೀಗೆ ಕೇಳದೆ ಕಚೇರಿಯ ಮೆಟ್ಟಿಲು ಹತ್ತಿಳಿದು ಸವೆಯುವವರೇ ಹೆಚ್ಚು. ಅನಂತರ 18ನೆಯ ಕಲಮಿನಂತೆ ಮೇಲ್ಮನವಿಯಿದೆ. ಅದೂ ಸಾಲದಾದರೆ ಸಂವಿಧಾನದ 226ನೆಯ ಅನುಚ್ಛೇದದ ಪ್ರಕಾರ ಹೈಕೋರ್ಟಿದೆ. ಮೊದಲ ಆಜ್ಞೆಯಲ್ಲಿ ಇರದ ಕಾರಣವನ್ನು ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹೊಸದಾಗಿ ಪೋಣಿಸಲು ಅಧಿಕಾರಿಗೆ ಬಿಡುವುದಿಲ್ಲ. ಇದು 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಥಿರಪಡಿಸಿದ ಮಾತು.

ಆ ಒಂದು ಸಾಲಿನಲ್ಲಿ ಇನ್ನೂ ಆಳವಾದ ದೋಷವಿರಬಹುದು. ಠಾಣೆ ಬೇಡವೆಂದಿತು, ಜಿಲ್ಲಾಧಿಕಾರಿಗಳು ಬೇಡವೆಂದರು. ಹಾಗಾದರೆ ನಿರ್ಧರಿಸಿದವರು ಯಾರು? ಇಂಥದೇ ಪ್ರಶ್ನೆ ಮುಂಬಯಿಯಲ್ಲಿ ಎದ್ದಿತ್ತು. ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಗೋರ್ಧನದಾಸ್ ಭಾಂಜಿ ಎಂಬವರಿಗೆ ಪೊಲೀಸ್ ಕಮಿಷನರರು 1947ರಲ್ಲಿ ಅನುಮತಿಯಿತ್ತರು. ಕೆಲವು ತಿಂಗಳಲ್ಲೇ, ಸರಕಾರದ ನಿರ್ದೇಶನವೆಂದು ಹೇಳಿ ರದ್ದುಮಾಡಿದರು. 1951ರಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನು ಒಪ್ಪಲಿಲ್ಲ. ನಿಯಮವು ವಿವೇಚನೆಯನ್ನು ಕಮಿಷನರರಿಗೆ ಕೊಟ್ಟಿದ್ದಮೇಲೆ ಅವರೇ ಯೋಚಿಸಬೇಕು. ಮೇಲಿನವರ ಬಾಯಿಮಾತನ್ನು ಕೆಳಗಿನವರು ಬರೆದು ರುಜು ಹಾಕಿದರೆ ಅದು ವಿವೇಚನೆಯಲ್ಲ. ಮೇಲಿನವರ ಅಪ್ಪಣೆಗೆ ಸಲ್ಲುವ ಈ ನ್ಯಾಯ ಕೆಳಗಿನವರ ವರದಿಗೂ ಸಲ್ಲುತ್ತದೆ. ವರದಿಯನ್ನು ಓದಬೇಕು, ತೂಗಬೇಕು, ಅದಕ್ಕೆ ಅಡಿಯಾಳಾಗಬಾರದು.

ಇಷ್ಟೆಲ್ಲ ಗೆದ್ದರೂ ಹೈಕೋರ್ಟು ಸಾಮಾನ್ಯವಾಗಿ ತಾನೇ ಲೈಸೆನ್ಸು ಕೊಡುವುದಿಲ್ಲ. ಆಜ್ಞೆಯನ್ನು ರದ್ದುಗೊಳಿಸಿ, ಕಾರಣಸಹಿತ ಮತ್ತೆ ತೀರ್ಮಾನಿಸಿರೆಂದು ಅದೇ ಕಚೇರಿಗೆ ಕಳುಹಿಸುತ್ತದೆ. ಗೆದ್ದವನಿಗೆ ಇದು ಅರೆಗೆಲುವೆನಿಸೀತು. ಆದರೆ ನ್ಯಾಯಾಧೀಶರು ಶಿರಂಗಾಲದ ಬದುವನ್ನು ಕಂಡವರಲ್ಲ. ಅಧಿಕಾರಿಯ ದಾರಿ ತಪ್ಪಿದ್ದನ್ನು ಅವರು ಹೇಳಬಲ್ಲರು, ಅವನ ಕುರ್ಚಿಯಲ್ಲಿ ತಾವು ಕೂರಲಾರರು. ಎರಡನೆಯ ಸಲ ಸಕಾರಣವಾಗಿಯೇ ನಿರಾಕರಣೆ ಬಂದರೆ ಅದು ನಿಲ್ಲಲೂಬಹುದು. ಅಷ್ಟರಲ್ಲಿ ಎರಡು ಬೆಳೆ ಹಂದಿಯ ಪಾಲಾಗಿರುತ್ತದೆ.

ಲೈಸೆನ್ಸು ಕೈಸೇರಿದವನಿಗೂ ಚುನಾವಣೆ ಬಂದಾಗ ತೊಡಕು ಬರುವುದುಂಟು. ಎಲ್ಲರೂ ಕೋವಿಯನ್ನು ಠಾಣೆಗೆ ಒಪ್ಪಿಸಿರೆಂದು ಒಂದೇ ಆಜ್ಞೆ ಹೊರಡಿಸುವುದು ಆಡಳಿತಕ್ಕೆ ಸುಲಭ. 2009ರಲ್ಲಿ ಬೊಂಬಾಯಿ ಹೈಕೋರ್ಟಿನ ತೀರ್ಪಿನ ಬಳಿಕ, ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿಯೊಂದು ಹೆಸರು ಹೆಸರಾಗಿ ನೋಡಬೇಕೆಂದು ಚುನಾವಣಾ ಆಯೋಗ ಸೂಚಿಸಿತು: ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ದೊಂಬಿಯಲ್ಲಿ ತೊಡಗಿದ್ದವರು ಯಾರೆಂದು. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವ ಅಧಿಕಾರಿ ನಿಷ್ಪಕ್ಷಪಾತಿಯಂತೆ ಕಾಣುತ್ತಾನೆ. ದಿಟವಾಗಿ ಅವನು ವಿವೇಚನೆಯನ್ನು ಬಳಸಿಯೇ ಇರುವುದಿಲ್ಲ.

ಒಂದು ಮಾತು ಉಳಿಯಿತು. ಕೋವಿಯ ಲೈಸೆನ್ಸು ಹಂದಿಯನ್ನು ಕೊಲ್ಲುವ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿರುವ ಹಂದಿ ಬೆಳೆಗೆ ಅಪಾಯಕಾರಿಯಾಗಿದೆಯೆಂದು ಅರಣ್ಯದ ಅಧಿಕೃತ ಅಧಿಕಾರಿಗೆ ಮನವರಿಕೆಯಾಗಿ, ಅವರು ಕಾರಣ ಬರೆದು ಲಿಖಿತ ಅಪ್ಪಣೆ ಕೊಟ್ಟರೆ ಮಾತ್ರ ಗುಂಡು ಹಾರಿಸಬಹುದು. ಆನೆಯ ವಿಷಯದಲ್ಲಿ ಬೆಳೆಯ ಹಾನಿ ಸಾಲದು. ಮನುಷ್ಯನ ಪ್ರಾಣಕ್ಕೇ ಅಪಾಯವಾಗಿರಬೇಕು, ಅಪ್ಪಣೆಯೂ ಮುಖ್ಯ ವನ್ಯಜೀವಿ ಪರಿಪಾಲಕರಿಂದಲೇ ಬರಬೇಕು. ಕೊಡವನ ಶಸ್ತ್ರ ವಿನಾಯಿತಿ ಇಲ್ಲಿ ಕೆಲಸಕ್ಕೆ ಬಾರದು. ಈ ಎರಡನೆಯ ಅರ್ಜಿಯನ್ನು ಅಕ್ಕಪಕ್ಕದ ಇಬ್ಬರೂ ಬರೆಯಲೇಬೇಕು.