ಮಗಳ ಬಾಣಂತನಕ್ಕೆ ರಜೆ: ಸತ್ಯ ಹೇಳಿಯೇ ಕೇಳೋಣ

ನಮ್ಮ ಕರಾವಳಿಯ ಅನೇಕ ಹೆಣ್ಣುಮಕ್ಕಳು ಮದುವೆಯಾಗಿ ಗಲ್ಫ್ ನಾಡುಗಳಲ್ಲಿ ನೆಲೆಸಿದ್ದಾರೆ. ಹೆರಿಗೆಗೆ ಅವರು ತವರಿಗೆ ಬರಲಾಗದಿದ್ದರೆ ತಾಯಿಯೇ ಅಲ್ಲಿಗೆ ಹೋಗಬೇಕಾಗುತ್ತದೆ. ಆ ತಾಯಿ ಉದ್ಯೋಗದಲ್ಲಿದ್ದರೆ ರಜೆಯ ಪ್ರಶ್ನೆ ಎದುರಾಗುತ್ತದೆ. ನಮ್ಮ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಕೊಡುತ್ತದೆ. ಆದರೆ ಅದು ಹೆತ್ತವಳಿಗೆ. ಅಜ್ಜಿಗೆ ಅಂಥ ಹಕ್ಕಿಲ್ಲ. ಅವಳಿಗಿರುವುದು ಗಳಿಕೆ ರಜೆ, ವೇತನರಹಿತ ರಜೆ ಮತ್ತು ಮಾಲಕರ ಮನಸ್ಸು.

ಈ ಇಕ್ಕಟ್ಟಿನಲ್ಲಿ ಕೆಲವರು ಬೆನ್ನುನೋವೆಂದು ವೈದ್ಯರ ಪ್ರಮಾಣಪತ್ರ ತಂದು ವಿಮಾನ ಹತ್ತುತ್ತಾರೆ. ಪಾಸ್‌ಪೋರ್ಟಿನ ಮೊಹರು ಒಂದು ದಿನ ಅವರನ್ನು ಬಯಲು ಮಾಡಬಹುದು. ಮಾಡದಿದ್ದರೂ, ಉದ್ಯೋಗವು ಒಂದು ಕರಾರು. ಕರಾರನ್ನು ಪಾಲಿಸಬೇಕೆಂಬುದು ಕುರ್‌ಆನಿನ ಆಜ್ಞೆ. ಸುಳ್ಳು ಕಾಯಿಲೆಯ ಹೆಸರಿನಲ್ಲಿ ಪಡೆದ ಸಂಬಳ ನಮಗೆ ಹಲಾಲಾಗುವುದು ಹೇಗೆ?

ಸತ್ಯವಾಗಿ ಕೇಳುವವರು ದಿನಗಳ ಲೆಕ್ಕವನ್ನು ಮೊದಲು ಮಾಡಬೇಕು. ಶಾರ್ಜಾದಲ್ಲಿರುವ ಮಗಳಿಗೆ ವೈದ್ಯರು ಅಕ್ಟೋಬರ್ 10ರ ದಿನ ಕೊಟ್ಟಿದ್ದಾರೆ, ತಾಯಿಯ ಬಳಿ 35 ದಿನಗಳ ಗಳಿಕೆ ರಜೆಯಿದೆ ಎಂದುಕೊಳ್ಳೋಣ. ಆತುರದಿಂದ ಸೆಪ್ಟೆಂಬರ್ 26ಕ್ಕೇ ಹೊರಟು, ಹೆರಿಗೆ ಒಂದು ವಾರ ತಡವಾದರೆ, ಮಗು ಹುಟ್ಟುವ ಮೊದಲೇ 21 ದಿನಗಳು ಮುಗಿದಿರುತ್ತವೆ. ಚೊಚ್ಚಲ ಹೆರಿಗೆಯಲ್ಲಿ ಇಂಥ ತಡ ಅಪರೂಪವಲ್ಲ. ಬಾಣಂತನಕ್ಕೆ ಉಳಿಯುವುದು ಕೇವಲ ಎರಡು ವಾರ. ಸಿಸೇರಿಯನ್ ಆಗಿದ್ದರೆ ಮಗಳು ಚೇತರಿಸಿಕೊಳ್ಳಲು ಸುಮಾರು ಆರು ವಾರಗಳೇ ಬೇಕು. ಅದೇ ತಾಯಿ ಅಕ್ಟೋಬರ್ 8ಕ್ಕೆ ಹೊರಟರೆ 26 ದಿನಗಳು ಕೈಯಲ್ಲಿರುತ್ತವೆ. ಹೆರಿಗೆ ಬೇಗನಾದರೆ ಅಳಿಯ ಮೊದಲ ದಿನಗಳನ್ನು ನಿಭಾಯಿಸಲಿ. ಯುಎಇಯ ಖಾಸಗಿ ವಲಯದ ಕಾನೂನು ತಂದೆಗೂ ಐದು ಕೆಲಸದ ದಿನಗಳ ರಜೆ ಕೊಟ್ಟಿದೆ. ಇಷ್ಟು ದಿನಗಳಿಗೆ 30 ದಿನಗಳ ಸಂದರ್ಶಕ ವೀಸಾ ಸಾಲದು, 60 ದಿನಗಳದ್ದೇ ಬೇಕು.

ಅರ್ಜಿಯಲ್ಲಿ ‘ಕೆಲವು ವಾರ’ ಎಂದು ಬರೆಯಬಾರದು. ಕಾರಣ, ಹೊರಡುವ ಮತ್ತು ಮರಳುವ ದಿನ, ಹೆರಿಗೆ ಏರುಪೇರಾದರೆ ಬೇಕಾಗುವ ವೇತನರಹಿತ ರಜೆ, ಅಷ್ಟು ದಿನ ಕೆಲಸ ನೋಡಿಕೊಳ್ಳುವವರು ಯಾರು ಎಂಬುದನ್ನು ಸ್ಪಷ್ಟವಾಗಿ ಬರೆದು, ಎರಡು ಮೂರು ತಿಂಗಳ ಮುಂಚೆಯೇ ಕೊಡಬೇಕು. ಲಿಖಿತ ಮಂಜೂರಾತಿ ಬಂದ ಮೇಲೆಯೇ ಟಿಕೆಟ್ ಕೊಳ್ಳಬೇಕು. ಸರಕಾರಿ ನೌಕರರು ವಿದೇಶ ಪ್ರಯಾಣಕ್ಕೆ ಪೂರ್ವಾನುಮತಿಯನ್ನೂ ಪಡೆಯಬೇಕು.

ಮಾಲಕರಲ್ಲಿಯೂ ನಮ್ಮದೊಂದು ವಿನಂತಿ. ಸತ್ಯ ಹೇಳಿದವಳ ಅರ್ಜಿಯನ್ನು ತಿರಸ್ಕರಿಸಿ, ಸುಳ್ಳು ಪ್ರಮಾಣಪತ್ರ ತಂದವಳಿಗೆ ರಜೆ ಕೊಟ್ಟರೆ, ಮುಂದಿನ ನೌಕರಳಿಗೆ ನಾವು ಕಲಿಸುವುದು ಯಾವ ಪಾಠ? ಇಡೀ ರಜೆ ಕೊಡಲಾಗದಿದ್ದರೆ ಮೂರು ವಾರವನ್ನಾದರೂ ಕೊಡಿ. ಉಳಿದ ದಿನಗಳಿಗೆ ಮಗಳ ಅತ್ತೆಯೋ ಅಕ್ಕನೋ ಹೋಗುವ ಏರ್ಪಾಡನ್ನು ಆ ಮನೆಯವರು ಮಾಡಿಕೊಂಡಾರು.