ಜ್ವರ ರಾತ್ರಿ ಬಂತು, ವೈರಸ್ ಬೆಳಿಗ್ಗೆಯೇ ಹೊರಟಿತ್ತು

ಆಫೀಸಲ್ಲಿ ಯಾರಿಗಾದರೂ ಫ್ಲೂ ಬಂದರೆ ಮೊದಲು ಶುರುವಾಗೋದು ಪತ್ತೇದಾರಿ ಕೆಲಸ. "ನಿನ್ನೆ ಸಂಜೆ ಮಳೇಲಿ ನೆನೆದೆ, ಅದಕ್ಕೇ." "ಪಕ್ಕದ ಸೀಟಿನವನು ಬೆಳಿಗ್ಗೆಯಿಂದ ಕೆಮ್ತಾ ಇದ್ದ, ಅವನಿಂದಲೇ." ಎರಡೂ ಬಹುತೇಕ ತಪ್ಪು ಲೆಕ್ಕ. ಫ್ಲೂ ವೈರಸ್ ಮೈಯೊಳಗೆ ಹೋದ ಮೇಲೆ ಲಕ್ಷಣ ಕಾಣಿಸಿಕೊಳ್ಳೋಕೆ 1ರಿಂದ 4 ದಿನ ಬೇಕು, ಸರಾಸರಿ 2 ದಿನ. ಇದನ್ನೇ ಇನ್‌ಕ್ಯುಬೇಷನ್ ಪೀರಿಯಡ್ ಅನ್ನೋದು. ಕೋಳಿ ಮೊಟ್ಟೆಗೆ ಕಾವು ಕೊಡೋದಕ್ಕೂ ಇಂಗ್ಲಿಷಲ್ಲಿ ಇದೇ ಪದ.

ಈಗ ಒಂದು ವಾರದ ಲೆಕ್ಕ ಹಾಕೋಣ. ಭಾನುವಾರ ರಾತ್ರಿ 8 ಗಂಟೆಗೆ ಒಂದು ರಿಸೆಪ್ಷನ್‌ನಲ್ಲಿ ನಿಮಗೆ ವೈರಸ್ ತಗುಲಿತು ಅಂದ್ಕೊಳ್ಳಿ. ಅದು ಮೂಗು, ಗಂಟಲಿನ ಜೀವಕೋಶಗಳೊಳಗೆ ಹೊಕ್ಕು ತನ್ನದೇ ನಕಲು ಮಾಡೋಕೆ ಶುರು ಮಾಡುತ್ತೆ. ಒಂದು ಸುತ್ತಿಗೆ ಸುಮಾರು 6ರಿಂದ 8 ಗಂಟೆ ಸಾಕು. ಸೋಮವಾರ ನಿಮಗೆ ಏನೂ ಗೊತ್ತಾಗಲ್ಲ. ಜಿಮ್, ಸ್ಟ್ಯಾಂಡ್‌ಅಪ್ ಮೀಟಿಂಗ್, ಎಲ್ಲ ಎಂದಿನಂತೆ. ಆದರೆ ಸೋಮವಾರ ಸಂಜೆಯ ಹೊತ್ತಿಗೆ ಮೂಗಿನಿಂದ ವೈರಸ್ ಹೊರಬರೋಕೆ ಶುರುವಾಗಿರಬಹುದು. ಮಂಗಳವಾರ ಇಡೀ ದಿನ ಕಿಟಕಿ ತೆರೆಯದ ಎಸಿ ಮೀಟಿಂಗ್ ರೂಮಿನಲ್ಲಿ ಕೂತು, ಕ್ಯಾಂಟೀನಲ್ಲಿ ಐದು ಜನರ ಜೊತೆ ಊಟ ಮಾಡಿ, ಸಂಜೆ ಅಕ್ಕನ ಮನೆಗೆ ಹೋಗಿ ನಾಲ್ಕು ತಿಂಗಳ ಮಗೂನ ಎತ್ತಿ ಮುದ್ದಾಡ್ತೀರಿ. ರಾತ್ರಿ 8ಕ್ಕೆ ಮೈಕೈ ನೋವು, ಚಳಿ. ಬುಧವಾರ ರಜೆ ಹಾಕ್ತೀರಿ. ರಜೆ ಹಾಕಿದ್ದು ಸರಿಯೇ, ಆದರೆ ಮಂಗಳವಾರ ಆಗಲೇ ಮುಗಿದಿತ್ತು.

ಹೀಗಾಗೋಕೆ ಕಾರಣ ಇಷ್ಟೇ: ಜ್ವರ, ಮೈಕೈ ನೋವು ವೈರಸ್ ನೇರವಾಗಿ ಮಾಡೋ ಕೆಲಸ ಅಲ್ಲ. ಅದು ನಮ್ಮ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ. ಸೋಂಕು ಗುರುತಿಸಿದ ಜೀವಕೋಶಗಳು ರಾಸಾಯನಿಕ ಸಂದೇಶ ಕಳಿಸಬೇಕು, ಅದು ರಕ್ತದಲ್ಲಿ ಹರಿದು ಮೆದುಳಿಗೆ ತಲುಪಬೇಕು, ಆಮೇಲೆ ಮೈ ಬಿಸಿಯಾಗಬೇಕು. ನಮ್ಮ ಸರ್ವರ್‌ಗಳ ಅಲರ್ಟ್ ಥರಾನೇ: ಫೋನ್ ಬಡಿಯೋ ಹೊತ್ತಿಗೆ ಡಿಸ್ಕ್ ತುಂಬೋಕೆ ಶುರುವಾಗಿ ಎಷ್ಟೋ ಹೊತ್ತಾಗಿರುತ್ತೆ.

ಇದನ್ನು ಅಳೆದು ನೋಡಿದ್ದಾರೆ. ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಫ್ಲೂ ವೈರಸ್ ಹಾಕಿ, ಮುಂದಿನ ದಿನಗಳಲ್ಲಿ ಮೂಗಿನ ದ್ರವದಲ್ಲಿ ಎಷ್ಟು ವೈರಸ್ ಇದೆ ಅಂತ ಪರೀಕ್ಷಿಸೋ ಪ್ರಯೋಗಗಳು ದಶಕಗಳಿಂದ ನಡೆದಿವೆ. ಇಲ್ಲಿ ಸೋಂಕು ತಗುಲಿದ ಗಳಿಗೆ ಪಕ್ಕಾ ಗೊತ್ತಿರುತ್ತೆ, ರಿಸೆಪ್ಷನ್ ಥರ ಊಹೆ ಅಲ್ಲ. ಅಂಥ 56 ಅಧ್ಯಯನಗಳ 1,280 ಜನರ ಮಾಹಿತಿಯನ್ನು 2008ರಲ್ಲಿ ಒಟ್ಟಿಗೆ ಸೇರಿಸಿ ನೋಡಿದಾಗ, ವೈರಸ್ ಹೊರಬರೋದು ಅರ್ಧ ದಿನದಿಂದ ಒಂದು ದಿನದೊಳಗೆ ಜೋರಾಗಿ ಏರಿ, ಎರಡನೇ ದಿನ ತುತ್ತತುದಿ ಮುಟ್ಟುತ್ತಿತ್ತು. ಲಕ್ಷಣಗಳು ತುದಿ ಮುಟ್ಟುತ್ತಿದ್ದದ್ದು ಮೂರನೇ ದಿನ. ಒಂದು ದಿನದ ಅಂತರ. ಇನ್ನೊಂದು ವಿಷಯ ನನಗೆ ಹೆಚ್ಚು ಕುತೂಹಲ ಅನ್ನಿಸಿದ್ದು: ಸೋಂಕು ತಗುಲಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಲಕ್ಷಣವೇ ಬರಲಿಲ್ಲ, ಜ್ವರ ಬಂದವರು ಅರ್ಧಕ್ಕಿಂತ ಕಡಿಮೆ. ಗೇಟಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಫ್ಲೂ ತಡೀತೀವಿ ಅನ್ನೋದು ಎಷ್ಟು ದೂರದ ಮಾತು ನೋಡಿ.

ಹಾಗಂತ ಲಕ್ಷಣಕ್ಕೆ ಮುಂಚಿನ ದಿನವೇ ಅತಿ ಅಪಾಯದ ದಿನ ಅಂತಲ್ಲ. ಕೆಮ್ಮು, ಸೀನು ಶುರುವಾದ ಮೊದಲ ಮೂರ್ನಾಲ್ಕು ದಿನ ಹರಡೋದು ಇನ್ನೂ ಹೆಚ್ಚು. ಆದರೆ ಆಗ ನೀವು ಹಾಸಿಗೆಯಲ್ಲಿರ್ತೀರಿ. ಮಂಗಳವಾರ ನಿಮ್ಮ ಮಾತು, ನಗು, ಉಸಿರಿನ ಜೊತೆ ಹೋಗೋದು ಕಡಿಮೆ ಇದ್ದರೂ, ಅದು ತಲುಪೋ ಜನ ಜಾಸ್ತಿ. 2003ರ ಸಾರ್ಸ್ ಇದಕ್ಕೆ ಉಲ್ಟಾ ಇತ್ತು. ಅದರಲ್ಲಿ ಕಾಯಿಲೆ ಬಿದ್ದು ಸುಮಾರು ಹತ್ತು ದಿನಕ್ಕೆ ವೈರಸ್ ಪ್ರಮಾಣ ತುದಿ ಮುಟ್ಟುತ್ತಿತ್ತು. ಅದಕ್ಕೇ ರೋಗಿಗಳನ್ನು ಹುಡುಕಿ ಬೇರೆ ಇಟ್ಟು ಅದನ್ನು ನಿಲ್ಲಿಸೋಕೆ ಸಾಧ್ಯವಾಯಿತು. ಫ್ಲೂ ಅಷ್ಟು ಸಮಯ ಕೊಡಲ್ಲ.

ಹಾಗಾದ್ರೆ ಮಂಗಳವಾರಕ್ಕೆ ಏನು ಮಾಡೋದು? ಲಕ್ಷಣ ಕಂಡ ತಕ್ಷಣ ಹಿಂದಿನ 24 ಗಂಟೆಯಲ್ಲಿ ಜೊತೆಗಿದ್ದವರಿಗೆ ಒಂದು ಮೆಸೇಜ್ ಹಾಕಿ. ಮುಖ್ಯವಾಗಿ ಮನೆಯಲ್ಲಿ ವಯಸ್ಸಾದವರು, ಗರ್ಭಿಣಿ, ಆಸ್ತಮಾ ಇರೋರು ಇದ್ದರೆ. ಫ್ಲೂ ಮಾತ್ರೆ ಕೆಲಸ ಮಾಡೋದು ಲಕ್ಷಣ ಶುರುವಾದ 48 ಗಂಟೆಯೊಳಗೆ ತಗೊಂಡರೆ ಹೆಚ್ಚು, ಹಾಗಾಗಿ ಅವರಿಗೆ ಬೇಗ ಗೊತ್ತಾದರೆ ಬೇಗ ಡಾಕ್ಟರ್ ಹತ್ರ ಹೋಗಬಹುದು. ಪ್ಯಾರಾಸಿಟಮಾಲ್ ನುಂಗಿ ಗುರುವಾರ ಆಫೀಸಿಗೆ ಬರಬೇಡಿ. ಅದು ಜ್ವರ ಇಳಿಸುತ್ತೆ, ವೈರಸ್ ಹೊರಬರೋದನ್ನು ನಿಲ್ಲಿಸಲ್ಲ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿರಲಿ, ಆಮೇಲೆ ನೋಡಿ.

ಲಸಿಕೆ ವಿಷಯದಲ್ಲೂ ಇದೇ ಗಡಿಯಾರ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರೋಕೆ ಸುಮಾರು ಎರಡು ವಾರ ಬೇಕು, ಫ್ಲೂಗೆ ಎರಡೇ ದಿನ ಸಾಕು. ಮನೇಲಿ ಒಬ್ಬರಿಗೆ ಬಂದ ಮೇಲೆ ಓಡಿದರೆ ಈ ಸಲಕ್ಕೆ ಪ್ರಯೋಜನ ಇಲ್ಲ. ಆ ನಾಲ್ಕು ತಿಂಗಳ ಮಗುವಿಗಂತೂ ಆರು ತಿಂಗಳು ತುಂಬೋವರೆಗೆ ಫ್ಲೂ ಲಸಿಕೆ ಕೊಡೋ ಹಾಗೇ ಇಲ್ಲ. ಅದನ್ನು ಎತ್ತಿಕೊಳ್ಳೋ ಮಾವ, ಅತ್ತೆ, ಚಿಕ್ಕಮ್ಮಂದಿರು ಮೊದಲೇ ಹಾಕಿಸಿಕೊಂಡಿರಬೇಕು.